ಗ್ರಾಫ್ ಮತ್ತು ಕೋಷ್ಟಕ ಓದಿ ಉತ್ತರಿಸುವ ಪ್ರಶ್ನೆಗಳು: ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಪದೇ ಪದೇ ಕೇಳುವುದು

ದತ್ತಾಂಶ ಕೊಟ್ಟು "ಇದರಿಂದ ಏನು ತಿಳಿಯುತ್ತದೆ?" ಎಂದು ಕೇಳುವ ಪ್ರಶ್ನೆಗಳಲ್ಲಿ ಅಂಕ ಹೋಗುವುದು ಕೂಡಿ ಕಳೆಯುವಲ್ಲಿ ತಪ್ಪಿದ್ದಕ್ಕಲ್ಲ. ಯಾವ ಸಂಖ್ಯೆಯನ್ನು ಯಾವುದರಿಂದ ಭಾಗಿಸಬೇಕು ಎಂಬುದನ್ನು ತಪ್ಪಾಗಿ ಹಿಡಿದದ್ದಕ್ಕೆ. ಹಾಗಾಗಿ ಈ ಪುಟದಲ್ಲಿ ಹತ್ತಾರು ಬಗೆಯ ಗ್ರಾಫ್‌ಗಳ ಮೇಲೆ ಹಾರಿಹೋಗದೆ, ಒಂದೇ ದತ್ತಾಂಶವನ್ನು ಹಿಡಿದು ಅದರ ಛೇದ ಎಲ್ಲೆಲ್ಲಿ ಬದಲಾಗುತ್ತದೆ ಎಂದು ನೋಡುತ್ತ ಹೋಗುತ್ತೇನೆ. ದತ್ತಾಂಶ ಅಭ್ಯಾಸಕ್ಕಾಗಿ ಕಟ್ಟಿದ್ದು, ಯಾವ ನಿಜವಾದ ಆಸ್ಪತ್ರೆಯದ್ದೂ ಅಲ್ಲ.

## ಯಾವ ದತ್ತಾಂಶ ಇದು?

ಒಂದು ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಒಂದು ದಿನ 200 ಜನ ಬಂದರು ಎಂದುಕೊಳ್ಳಿ. ಒಳಗೆ ಕಾಲಿಟ್ಟ ಗಳಿಗೆಯಿಂದ ವೈದ್ಯರ ಕೋಣೆಗೆ ಕರೆ ಬರುವವರೆಗೆ ಪ್ರತಿಯೊಬ್ಬರೂ ಎಷ್ಟು ನಿಮಿಷ ಕಾದರು ಎಂಬುದನ್ನು ಬರೆದುಕೊಳ್ಳಲಾಗಿದೆ.

| ಕಾದ ಸಮಯ (ನಿಮಿಷ) | ರೋಗಿಗಳ ಸಂಖ್ಯೆ | ಸಂಚಿತ ಆವೃತ್ತಿ |
|---|---|---|
| 0–5 | 20 | 20 |
| 5–10 | 40 | 60 |
| 10–20 | 60 | 120 |
| 20–30 | 38 | 158 |
| 30–60 | 42 | 200 |

ಸರಿಯಾಗಿ 10 ನಿಮಿಷ ಕಾದವರು 10–20ರ ವರ್ಗಕ್ಕೆ ಸೇರುತ್ತಾರೆ, 5–10ಕ್ಕಲ್ಲ. ಕೆಳಮಿತಿ ವರ್ಗದೊಳಗೆ, ಮೇಲ್ಮಿತಿ ಹೊರಗೆ. ಪ್ರಶ್ನೆಯಲ್ಲಿ "30 ನಿಮಿಷಕ್ಕಿಂತ ಹೆಚ್ಚು" ಎಂದಿದೆಯೋ "30 ನಿಮಿಷ ಅಥವಾ ಹೆಚ್ಚು" ಎಂದಿದೆಯೋ ಎಂಬುದನ್ನು ನೋಡಿಕೊಳ್ಳಿ. ಈ ಕೋಷ್ಟಕದಿಂದ ಸರಿಯಾಗಿ ಹೇಳಬಹುದಾದದ್ದು ಎರಡನೆಯದನ್ನು ಮಾತ್ರ.

## ಅತಿ ಹೆಚ್ಚು ಜನ 10–20ರಲ್ಲಿ ಇದ್ದಾರೆ. ಹಾಗಿದ್ದರೆ ಬಹುಲಕ ಇರುವ ವರ್ಗ ಅದೇ ಅಲ್ಲವೇ?

ಅಲ್ಲ. ವರ್ಗಗಳ ಅಗಲವನ್ನು ನೋಡಿ: ಮೊದಲ ಎರಡರದ್ದು 5 ನಿಮಿಷ, ನಂತರದ ಎರಡರದ್ದು 10, ಕೊನೆಯದರದ್ದು 30. ದೊಡ್ಡ ಬಲೆ ಬೀಸಿದರೆ ಹೆಚ್ಚು ಮೀನು ಬೀಳುವುದು ಸಹಜ, ಅಷ್ಟಕ್ಕೇ ಅಲ್ಲಿ ಮೀನು ದಟ್ಟವಾಗಿವೆ ಎನ್ನಲಾಗದು. ಹೋಲಿಸಬೇಕಾದದ್ದು ಒಂದು ನಿಮಿಷದ ಅಗಲಕ್ಕೆ ಎಷ್ಟು ಜನ ಎಂಬುದನ್ನು. ಇದನ್ನು ಆವೃತ್ತಿ ಸಾಂದ್ರತೆ ಎನ್ನುತ್ತಾರೆ.

| ವರ್ಗ | ಆವೃತ್ತಿ | ಅಗಲ | ನಿಮಿಷಕ್ಕೆ ರೋಗಿಗಳು |
|---|---|---|---|
| 0–5 | 20 | 5 | 4 |
| 5–10 | 40 | 5 | 8 |
| 10–20 | 60 | 10 | 6 |
| 20–30 | 38 | 10 | 3.8 |
| 30–60 | 42 | 30 | 1.4 |

ಈಗ ಎದ್ದು ಕಾಣುವುದು 5–10ರ ವರ್ಗ. ಕಾಯುವ ಸಮಯಗಳು ದಟ್ಟವಾಗಿ ಸೇರಿರುವುದು ಅಲ್ಲಿ. ಕೊನೆಯ ವರ್ಗದಲ್ಲಿ 5–10ಕ್ಕಿಂತ ಇಬ್ಬರು ಹೆಚ್ಚಿದ್ದರೂ ಅದರ ಸಾಂದ್ರತೆ ಎಲ್ಲಕ್ಕಿಂತ ಕಡಿಮೆ.

ಹಿಸ್ಟೋಗ್ರಾಮ್ ಬಿಡಿಸುವಾಗ ಎತ್ತರಕ್ಕೆ ಹಾಕಬೇಕಾದದ್ದು ಈ ಕೊನೆಯ ಕಂಬಸಾಲಿನ ಸಂಖ್ಯೆಗಳನ್ನೇ. ಆಗ ಆಯತದ ವಿಸ್ತೀರ್ಣ ಜನಸಂಖ್ಯೆಗೆ ಸಮನಾಗುತ್ತದೆ: ಕೊನೆಯ ಆಯತ 30 ಅಗಲ, 1.4 ಎತ್ತರ, ಗುಣಿಸಿದರೆ 42. ಪ್ರಶ್ನೆಪತ್ರಿಕೆಯಲ್ಲಿ ಹಿಸ್ಟೋಗ್ರಾಮ್ ಮಾತ್ರ ಕೊಟ್ಟು "30 ನಿಮಿಷ ಅಥವಾ ಹೆಚ್ಚು ಕಾದವರೆಷ್ಟು?" ಎಂದು ಕೇಳಿದಾಗ ಅನೇಕರು ಎತ್ತರವನ್ನೇ ಓದಿ "ಸುಮಾರು 1.4" ಎಂದು ಬರೆದು ಮುಂದೆ ಹೋಗುತ್ತಾರೆ. ಲಂಬಾಕ್ಷದ ಮೇಲೆ ಏನು ಬರೆದಿದೆ ಎಂದು ಮೊದಲು ಓದಿ. "ರೋಗಿಗಳ ಸಂಖ್ಯೆ" ಎಂದಿದ್ದರೆ ಎತ್ತರವೇ ಉತ್ತರ, "ನಿಮಿಷಕ್ಕೆ ರೋಗಿಗಳು" ಎಂದಿದ್ದರೆ ವಿಸ್ತೀರ್ಣ ಉತ್ತರ.

## ಓಜೀವ್‌ನಿಂದ ಓದಿದ ಮಧ್ಯಾಂಕಕ್ಕೂ ಸೂತ್ರದಿಂದ ಬಂದ ಮಧ್ಯಾಂಕಕ್ಕೂ ಹೊಂದಿಕೆಯಾಗುತ್ತಿಲ್ಲ. ಯಾಕೆ?

ಗ್ರಾಫ್ ಹಾಳೆಯಲ್ಲಿ ಅರ್ಧ ನಿಮಿಷದಷ್ಟು ಆಚೀಚೆಯಾದರೆ ಚಿಂತೆಯಿಲ್ಲ. ಅಂತರ ಅದಕ್ಕಿಂತ ದೊಡ್ಡದಿದ್ದರೆ ಬಿಂದುಗಳನ್ನು ಎಲ್ಲಿ ಗುರುತಿಸಿದ್ದೀರಿ ಎಂದು ನೋಡಿ.

ಮೊದಲು ಸೂತ್ರ:

```
ಮಧ್ಯಾಂಕ = L + ((N/2 − F) / f) × h
        = 10 + ((100 − 60) / 60) × 10
        = 16.7 ನಿಮಿಷ
```

ಇಲ್ಲಿ L ಎಂದರೆ ಮಧ್ಯಾಂಕ ಇರುವ ವರ್ಗದ ಕೆಳಮಿತಿ, F ಎಂದರೆ ಅದರ ಹಿಂದಿನವರೆಗಿನ ಸಂಚಿತ ಆವೃತ್ತಿ, f ಆ ವರ್ಗದ ಆವೃತ್ತಿ, h ಅದರ ಅಗಲ.

ಕಡಿಮೆ ವಿಧಾನದ ಓಜೀವ್‌ನಲ್ಲಿ ಸಂಚಿತ ಆವೃತ್ತಿಯನ್ನು ವರ್ಗದ ಮೇಲ್ಮಿತಿಯ ನೇರಕ್ಕೆ ಗುರುತಿಸಬೇಕು. 60 ಜನ ಎಂಬುದು "10 ನಿಮಿಷಕ್ಕಿಂತ ಕಡಿಮೆ ಕಾದವರು", ಆದ್ದರಿಂದ ಬಿಂದು (10, 60). 120 ಎಂಬುದು (20, 120). ಲಂಬಾಕ್ಷದ 100ರಿಂದ ಅಡ್ಡಗೆರೆ ಎಳೆದು ವಕ್ರರೇಖೆ ಸಿಕ್ಕಲ್ಲಿ ಕೆಳಗಿಳಿದರೆ 16ಕ್ಕೂ 17ಕ್ಕೂ ನಡುವೆ ಬರುತ್ತೀರಿ.

ಆವೃತ್ತಿ ಬಹುಭುಜದ ಅಭ್ಯಾಸದಲ್ಲಿ ಇದೇ ಬಿಂದುಗಳನ್ನು ವರ್ಗದ ಮಧ್ಯಬಿಂದುವಿನ ಮೇಲೆ ಇಟ್ಟರೆ ಅವು (7.5, 60) ಮತ್ತು (15, 120) ಆಗುತ್ತವೆ, ಓದು 12.5ಕ್ಕೆ ಜಾರುತ್ತದೆ. ಗ್ರಾಫ್ ನೋಡಲು ಅಂದವಾಗಿಯೇ ಇರುತ್ತದೆ, ಎಲ್ಲೂ ಎಡವಟ್ಟು ಕಾಣುವುದಿಲ್ಲ. ಪತ್ತೆ ಹಚ್ಚುವ ಸುಲಭ ದಾರಿ ಒಂದಿದೆ: ವಕ್ರರೇಖೆ 200ನ್ನು ಮುಟ್ಟುವ ಜಾಗ ನೋಡಿ. ಅದು 60 ನಿಮಿಷದಲ್ಲಿ ಮುಟ್ಟಬೇಕು. 45ರಲ್ಲೇ ಮುಟ್ಟಿದ್ದರೆ ಮಧ್ಯಬಿಂದುಗಳ ಮೇಲೆ ಗುರುತಿಸಿದ್ದೀರಿ ಎಂದರ್ಥ.

## ಸರಾಸರಿ 20.45 ಬಂತು. "ಅರ್ಧದಷ್ಟು ಜನ 20 ನಿಮಿಷಕ್ಕಿಂತ ಹೆಚ್ಚು ಕಾದರು" ಎಂದು ಬರೆಯಬಹುದೇ?

ಬರೆಯಬಾರದು. ಮಧ್ಯಬಿಂದುಗಳಾದ 2.5, 7.5, 15, 25, 45ನ್ನು ಆವೃತ್ತಿಗಳಿಂದ ಗುಣಿಸಿ ಕೂಡಿದರೆ 4090, ಅದನ್ನು 200ರಿಂದ ಭಾಗಿಸಿದರೆ 20.45. ಲೆಕ್ಕ ಸರಿ. ಆದರೆ ಅರ್ಧ ಜನರನ್ನು ಆಚೆ ಈಚೆ ಮಾಡುವ ಸಂಖ್ಯೆ ಮಧ್ಯಾಂಕ, ಸರಾಸರಿಯಲ್ಲ. ಕೋಷ್ಟಕದಲ್ಲೇ ನೋಡಿ: 20 ನಿಮಿಷ ಅಥವಾ ಹೆಚ್ಚು ಕಾದವರು 38 + 42 = 80, ಅಂದರೆ ಶೇ. 40.

ಸರಾಸರಿಯನ್ನು ಮೇಲಕ್ಕೆಳೆದದ್ದು ಕೊನೆಯ ವರ್ಗ. ಆ 42 ಜನ ಒಟ್ಟು ರೋಗಿಗಳಲ್ಲಿ ಶೇ. 21 ಮಾತ್ರ, ಆದರೆ ಒಟ್ಟು ಕಾದ 4090 ನಿಮಿಷಗಳಲ್ಲಿ 42 × 45 = 1890 ನಿಮಿಷ ಅವರದ್ದೇ. ಶೇ. 46ರಷ್ಟು. ಸರಾಸರಿ ಮಧ್ಯಾಂಕಕ್ಕಿಂತ ದೊಡ್ಡದಿದೆ, ಬಲಗಡೆ ಬಾಲ ಉದ್ದವಾಗಿದೆ ಎಂದು ಬರೆದು ಅಲ್ಲಿಗೇ ನಿಲ್ಲಿಸುವ ಉತ್ತರಕ್ಕಿಂತ, ಬಾಲದಲ್ಲಿರುವುದು ಯಾರು ಮತ್ತು ಅವರ ಪಾಲು ಎಷ್ಟು ಎಂದು ಹೇಳುವ ಉತ್ತರ ನನಗೆ ಹೆಚ್ಚು ಇಷ್ಟ.

## "40 ನಿಮಿಷ ಅಥವಾ ಹೆಚ್ಚು ಕಾದವರೆಷ್ಟು?" ಎಂದರೆ? 40 ಕೋಷ್ಟಕದಲ್ಲೇ ಇಲ್ಲ.

ಖಚಿತ ಉತ್ತರ ಇಲ್ಲ. ಅದನ್ನು ಧೈರ್ಯವಾಗಿ ಬರೆಯಿರಿ, ಅದೂ ಓದಿನ ಭಾಗವೇ. ಖಚಿತವಾಗಿ ಹೇಳಬಹುದಾದದ್ದು 0ಕ್ಕೂ 42ಕ್ಕೂ ನಡುವೆ ಎಂದಷ್ಟೇ.

ಅಂದಾಜು ಬೇಕಿದ್ದರೆ ವರ್ಗದೊಳಗೆ ಜನ ಸಮನಾಗಿ ಹರಡಿದ್ದಾರೆ ಎಂದು ಊಹಿಸಿ 42 × 20/30 = 28 ಎನ್ನಬಹುದು. ಇಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಲು ಸಾಧ್ಯ. ಸಾಂದ್ರತೆ 8, 6, 3.8, 1.4 ಎಂದು ಇಳಿಯುತ್ತಲೇ ಬಂದಿದೆ. 30–60ರ ಒಳಗೂ ಹಾಗೇ ಇಳಿಯುತ್ತಿರಬಹುದು, ಅಂದರೆ ಆ ವರ್ಗದ ಜನ ಹೆಚ್ಚಾಗಿ 30ರ ಹತ್ತಿರವೇ ಇದ್ದಾರು. ಹಾಗಾಗಿ 28 ಎಂಬುದು ಸ್ವಲ್ಪ ಹೆಚ್ಚೇ ಆದ ಅಂದಾಜು. ಊಹೆ ಯಾವುದು, ಅದು ತಪ್ಪಿದರೆ ಉತ್ತರ ಯಾವ ಕಡೆ ಸರಿಯುತ್ತದೆ ಎಂಬೆರಡನ್ನೂ ಒಂದು ವಾಕ್ಯದಲ್ಲಿ ಹೇಳಿದರೆ ಉತ್ತರ ಪೂರ್ಣ.

## ಎರಡು ದಿಕ್ಕಿನ ಕೋಷ್ಟಕದಲ್ಲಿ ಯಾವ ಮೊತ್ತದಿಂದ ಭಾಗಿಸಬೇಕೆಂದು ಗೊಂದಲವಾಗುತ್ತದೆ.

ಅದೇ 200 ಜನರನ್ನು ಈಗ ಬೇರೆ ರೀತಿ ವಿಂಗಡಿಸೋಣ. 100 ಜನ ಮೊದಲೇ ಸಮಯ ಗೊತ್ತು ಮಾಡಿಕೊಂಡು ಬಂದವರು, 100 ಜನ ನೇರವಾಗಿ ಬಂದವರು. 30 ನಿಮಿಷ ಅಥವಾ ಹೆಚ್ಚು ಕಾದದ್ದನ್ನು "ದೀರ್ಘ ಕಾಯುವಿಕೆ" ಎನ್ನೋಣ.

| | ದೀರ್ಘ ಕಾಯುವಿಕೆ | 30 ನಿಮಿಷಕ್ಕಿಂತ ಕಡಿಮೆ | ಒಟ್ಟು |
|---|---|---|---|
| ಸಮಯ ಗೊತ್ತು ಮಾಡಿ ಬಂದವರು | 9 | 91 | 100 |
| ನೇರವಾಗಿ ಬಂದವರು | 33 | 67 | 100 |
| ಒಟ್ಟು | 42 | 158 | 200 |

ಒಂದೇ 33ರಿಂದ ಮೂರು ಶೇಕಡಾವಾರು ಹುಟ್ಟುತ್ತವೆ. ನೇರವಾಗಿ ಬಂದವರಲ್ಲಿ ಶೇ. 33 ಮಂದಿ ದೀರ್ಘವಾಗಿ ಕಾದರು. ದೀರ್ಘವಾಗಿ ಕಾದವರಲ್ಲಿ ಶೇ. 78.6 ಮಂದಿ ನೇರವಾಗಿ ಬಂದವರು. ಎಲ್ಲ ರೋಗಿಗಳಲ್ಲಿ ಶೇ. 16.5 ಮಂದಿ ನೇರವಾಗಿ ಬಂದು ದೀರ್ಘವಾಗಿ ಕಾದವರು. ಮೂರೂ ನಿಜ, ಮೂರೂ ಬೇರೆ ಪ್ರಶ್ನೆಗಳಿಗೆ ಉತ್ತರ.

ಕನ್ನಡದಲ್ಲಿ ಪ್ರಶ್ನೆ ಇದ್ದರೆ "-ರಲ್ಲಿ" ಅಥವಾ "-ರ ಪೈಕಿ" ಅಂಟಿಕೊಂಡಿರುವ ಗುಂಪೇ ಛೇದ. "ನೇರವಾಗಿ ಬಂದವರಲ್ಲಿ" ಎಂದರೆ 100. "ದೀರ್ಘವಾಗಿ ಕಾದವರ ಪೈಕಿ" ಎಂದರೆ 42. ಆ ಪದಕ್ಕೆ ಮೊದಲು ಅಡಿಗೆರೆ ಹಾಕಿ, ಆಮೇಲೆ ಕೋಷ್ಟಕ ನೋಡಿ.

ಎರಡು ಗುಂಪುಗಳನ್ನು ಹೋಲಿಸುವಾಗಲೂ ಮಾತಿನಲ್ಲಿ ಎಚ್ಚರ ಬೇಕು. ಶೇ. 9ಕ್ಕೂ ಶೇ. 33ಕ್ಕೂ ನಡುವಿನ ಅಂತರ 24 ಶೇಕಡಾ ಅಂಶಗಳು. "ಶೇ. 24ರಷ್ಟು ಹೆಚ್ಚು" ಎಂದು ಬರೆದರೆ ತಪ್ಪಾಗುತ್ತದೆ, ಏಕೆಂದರೆ 9ಕ್ಕೆ ಅದರ ಶೇ. 24ನ್ನು ಸೇರಿಸಿದರೆ 11.2 ಬರುತ್ತದೆ, 33 ಅಲ್ಲ. ಅನುಪಾತದಲ್ಲಿ ಹೇಳುವುದಾದರೆ ಸುಮಾರು 3.7 ಪಟ್ಟು.

## ಒಟ್ಟಾರೆ ನೋಡಿದರೆ ಒಂದು ಕೌಂಟರ್ ಚೆನ್ನಾಗಿದೆ, ಬಿಡಿಸಿ ನೋಡಿದರೆ ಇನ್ನೊಂದು. ಯಾವುದನ್ನು ಬರೆಯಲಿ?

ಈ ಬಗೆಯ ಪ್ರಶ್ನೆಗೆ ಹೆಚ್ಚು ಸಮಯ ಕೊಡಿ. ಅದೇ ವಿಭಾಗದಲ್ಲಿ ಎರಡು ಕೌಂಟರ್‌ಗಳಿದ್ದವು, ಒಂದೊಂದರಲ್ಲೂ 100 ಜನ.

| | 1ನೇ ಕೌಂಟರ್ | 2ನೇ ಕೌಂಟರ್ |
|---|---|---|
| ಸಮಯ ಗೊತ್ತು ಮಾಡಿ ಬಂದವರಲ್ಲಿ ದೀರ್ಘವಾಗಿ ಕಾದವರು | 20ರಲ್ಲಿ 1 (ಶೇ. 5) | 80ರಲ್ಲಿ 8 (ಶೇ. 10) |
| ನೇರವಾಗಿ ಬಂದವರಲ್ಲಿ ದೀರ್ಘವಾಗಿ ಕಾದವರು | 80ರಲ್ಲಿ 24 (ಶೇ. 30) | 20ರಲ್ಲಿ 9 (ಶೇ. 45) |
| ಎಲ್ಲರೂ ಸೇರಿ | 100ರಲ್ಲಿ 25 (ಶೇ. 25) | 100ರಲ್ಲಿ 17 (ಶೇ. 17) |

ಕೊನೆಯ ಸಾಲು ಮಾತ್ರ ನೋಡಿದವರು 2ನೇ ಕೌಂಟರ್ ಚುರುಕು ಎನ್ನುತ್ತಾರೆ. ಮೇಲಿನ ಎರಡು ಸಾಲು ನೋಡಿದವರಿಗೆ ಎರಡೂ ಬಗೆಯ ರೋಗಿಗಳಿಗೆ 1ನೇ ಕೌಂಟರ್‌ನಲ್ಲೇ ಕಾಯುವಿಕೆ ಕಡಿಮೆ ಎಂದು ಕಾಣುತ್ತದೆ. ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ನೇರವಾಗಿ ಬಂದವರು ಎಲ್ಲಿಗೆ ಹೋದರೂ ಹೆಚ್ಚು ಕಾಯಬೇಕು, ಮತ್ತು ಅಂಥವರಲ್ಲಿ 80 ಜನ 1ನೇ ಕೌಂಟರ್‌ಗೆ ಬಂದಿದ್ದಾರೆ. ಒಟ್ಟು ಶೇಕಡಾವಾರಿನಲ್ಲಿ ಕೌಂಟರ್‌ನ ವೇಗವೂ ರೋಗಿಗಳ ಮಿಶ್ರಣವೂ ಬೆರೆತುಹೋಗಿವೆ.

ಬೇರ್ಪಡಿಸಲು ಎರಡೂ ಕೌಂಟರ್‌ಗಳಿಗೆ ಒಂದೇ ಮಿಶ್ರಣ ಕೊಟ್ಟು ನೋಡಬೇಕು. ಒಟ್ಟಾರೆ 200ರಲ್ಲಿ ಎರಡೂ ಬಗೆಯವರು ನೂರು ನೂರು ಇರುವುದರಿಂದ ಅರ್ಧರ್ಧ ತೂಕ ಕೊಡೋಣ. 1ನೇ ಕೌಂಟರ್‌ಗೆ 5 ಮತ್ತು 30ರ ಸರಾಸರಿ ಶೇ. 17.5. 2ನೇ ಕೌಂಟರ್‌ಗೆ 10 ಮತ್ತು 45ರ ಸರಾಸರಿ ಶೇ. 27.5. ಒಟ್ಟು ಸಾಲಿನಲ್ಲಿದ್ದ ಕ್ರಮ ತಿರುಗುಮುರುಗಾಯಿತು.

ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಎಂದು ಹೆಸರು, ಎಡ್ವರ್ಡ್ ಸಿಂಪ್ಸನ್ 1951ರಲ್ಲಿ ಈ ಬಗ್ಗೆ ಬರೆದದ್ದರಿಂದ. ಯೂಲ್ ಅದಕ್ಕೂ ಬಹಳ ಮೊದಲೇ, 1903ರಲ್ಲಿ, ಇಂಥದ್ದನ್ನು ಗುರುತಿಸಿದ್ದರು. ನಿಜಜೀವನದ ಹೆಸರಾಂತ ಉದಾಹರಣೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್‌ನ 1973ರ ಸ್ನಾತಕೋತ್ತರ ಪ್ರವೇಶಗಳದ್ದು. ಅರ್ಜಿ ಹಾಕಿದ ಪುರುಷರಲ್ಲಿ ಸುಮಾರು ಶೇ. 44, ಮಹಿಳೆಯರಲ್ಲಿ ಸುಮಾರು ಶೇ. 35 ಮಂದಿಗೆ ಪ್ರವೇಶ ಸಿಕ್ಕಿತ್ತು. ವಿಭಾಗವಾರು ಬಿಡಿಸಿದಾಗ ಮಹಿಳೆಯರ ವಿರುದ್ಧದ ಆ ದೊಡ್ಡ ಅಂತರ ಉಳಿಯಲಿಲ್ಲ. ಯಾರಿಗೇ ಆದರೂ ಪ್ರವೇಶ ಕಷ್ಟವಾಗಿದ್ದ ವಿಭಾಗಗಳಿಗೆ ಮಹಿಳೆಯರು ಹೆಚ್ಚು ಅರ್ಜಿ ಹಾಕಿದ್ದರು.

## ಹಾಗಾದರೆ ಯಾವಾಗಲೂ ಬಿಡಿಸಿದ ಕೋಷ್ಟಕವೇ ಸರಿಯೇ?

ಇಲ್ಲ, ಮತ್ತು ಇದನ್ನು ಪಠ್ಯಗಳು ಸಾಕಷ್ಟು ಒತ್ತಿ ಹೇಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಕೇಳಿಕೊಳ್ಳಬೇಕಾದದ್ದು: ರೋಗಿ ಯಾವ ಬಗೆಯವರು ಎಂಬುದು ಕೌಂಟರ್‌ಗೆ ಬರುವ ಮೊದಲೇ ತೀರ್ಮಾನವಾಗಿತ್ತೇ?

ತೀರ್ಮಾನವಾಗಿದ್ದರೆ ಬಿಡಿಸಿಯೇ ಹೋಲಿಸಬೇಕು. ಆದರೆ 2ನೇ ಕೌಂಟರ್‌ನವರು ತಾವೇ ಫೋನ್ ಮಾಡಿ ರೋಗಿಗಳಿಗೆ ಸಮಯ ಕೊಡುತ್ತಿದ್ದರು, ಅದರಿಂದಲೇ ಅವರಲ್ಲಿ 80 ಜನ ಸಮಯ ಗೊತ್ತು ಮಾಡಿ ಬಂದವರಾದರು ಎಂದುಕೊಳ್ಳಿ. ಆಗ ಸಮಯ ಕೊಡುವುದು ಆ ಕೌಂಟರ್‌ನ ಕೆಲಸದ ಫಲ. ಬಿಡಿಸಿ ನೋಡಿದರೆ ಅವರ ಒಳ್ಳೆಯ ಕೆಲಸವನ್ನೇ ಲೆಕ್ಕದಿಂದ ತೆಗೆದುಹಾಕಿದಂತಾಗುತ್ತದೆ. ಅಂಥಲ್ಲಿ ಒಟ್ಟು ಸಾಲಿನ 25 ಮತ್ತು 17 ನ್ಯಾಯವಾದ ಹೋಲಿಕೆ. ಎರಡೂ ಸಂದರ್ಭಗಳಲ್ಲಿ ಕೋಷ್ಟಕ ಒಂದೇ ಎಂಬುದನ್ನು ಗಮನಿಸಿ. ಯಾವುದು ಮೊದಲು ಆಯಿತು ಎಂಬುದು ಸಂಖ್ಯೆಗಳಲ್ಲಿ ಬರೆದಿರುವುದಿಲ್ಲ, ದತ್ತಾಂಶ ಹೇಗೆ ಸಂಗ್ರಹವಾಯಿತು ಎಂಬ ವಿವರಣೆಯಲ್ಲಿರುತ್ತದೆ. ಪ್ರಶ್ನೆಯ ಮೇಲಿನ ಆ ಪ್ಯಾರಾವನ್ನು ಬಿಟ್ಟು ನೇರ ಕೋಷ್ಟಕಕ್ಕೆ ಜಿಗಿಯಬೇಡಿ.

## 20ರಲ್ಲಿ ಒಬ್ಬರು ಎಂಬ ಶೇ. 5ನ್ನು ನಂಬಬಹುದೇ?

ಅಷ್ಟಾಗಿ ನಂಬಲಾಗದು. ಕೋಷ್ಟಕದ ಆ ಮನೆಯಲ್ಲಿ ಒಬ್ಬರ ಬದಲು ಇಬ್ಬರು ಕಾದಿದ್ದರೆ ಶೇ. 10 ಆಗಿ, 2ನೇ ಕೌಂಟರ್‌ಗೆ ಸಮನಾಗಿಬಿಡುತ್ತಿತ್ತು. ಛೇದ 20 ಇರುವಲ್ಲಿ ಒಬ್ಬ ರೋಗಿ ಎಂದರೆ 5 ಶೇಕಡಾ ಅಂಶ. 80 ಇರುವಲ್ಲಿ 1.25 ಮಾತ್ರ. ಶೇಕಡಾವಾರು ಬರೆದ ಮೇಲೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ಮೇಲಿನ ಕೋಷ್ಟಕದಲ್ಲಿ ಮೂಲ ಎಣಿಕೆಗಳನ್ನೂ ಉಳಿಸಿದ್ದೇನೆ.

ಪರೀಕ್ಷೆ ಮಾಡಿ ನೋಡುವುದಾದರೆ ಎರಡು ಪ್ರಮಾಣಗಳ z ಪರೀಕ್ಷೆ ಸಾಕು. ನೇರವಾಗಿ ಬಂದವರಲ್ಲಿ ಶೇ. 30 ಮತ್ತು ಶೇ. 45ರ ನಡುವೆ z ಸುಮಾರು 1.28. ಒಟ್ಟು ಸಾಲಿನ ಶೇ. 25 ಮತ್ತು ಶೇ. 17ರ ನಡುವೆ ಸುಮಾರು 1.39. ಎರಡೂ 1.96ನ್ನು ಮುಟ್ಟುವುದಿಲ್ಲ. ಹಾಗಾಗಿ "1ನೇ ಕೌಂಟರ್ ಚುರುಕು ಎಂದು ಸಾಬೀತಾಯಿತು" ಎಂದು ಬರೆಯಬೇಡಿ. "ಈ ದಿನದ ದತ್ತಾಂಶದಲ್ಲಿ ಎರಡೂ ಗುಂಪುಗಳಲ್ಲಿ 1ನೇ ಕೌಂಟರ್‌ನ ಪ್ರಮಾಣ ಕಡಿಮೆ ಇದೆ, ಆದರೆ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು" ಎಂಬಷ್ಟಕ್ಕೆ ನಿಲ್ಲಿಸಿ. ಸಮಯ ಗೊತ್ತು ಮಾಡಿ ಬಂದವರ ಸಾಲಿಗೆ z ಪರೀಕ್ಷೆ ಹಾಕಲೇಬೇಡಿ, ಅಲ್ಲಿನ ಎಣಿಕೆ ತೀರ ಚಿಕ್ಕದು.

## ಬಾರ್ ಗ್ರಾಫ್‌ನಲ್ಲಿ ಕೊನೆಯ ಬಾರ್ ಮೊದಲನೆಯದರ ಮೂರು ಪಟ್ಟು ಎತ್ತರವಿದೆ. "ಮೂರು ಪಟ್ಟಾಯಿತು" ಎನ್ನಲೇ?

ಲಂಬಾಕ್ಷ ಎಲ್ಲಿಂದ ಶುರುವಾಗಿದೆ ನೋಡಿ. ನಾಲ್ಕು ತಿಂಗಳ ಸರಾಸರಿ ಕಾಯುವಿಕೆ 19.6, 20.1, 20.4, 20.9 ನಿಮಿಷ ಇದ್ದು, ಅಕ್ಷ 19ರಿಂದ ಶುರುವಾಗಿದ್ದರೆ ಬಾರ್‌ಗಳ ಎತ್ತರ 0.6ರಿಂದ 1.9ಕ್ಕೆ ಏರುತ್ತದೆ. ನಿಜವಾದ ಏರಿಕೆ 1.3 ನಿಮಿಷ, ಸುಮಾರು ಶೇ. 6.6. ಬಾರ್‌ನಲ್ಲಿ ಕಣ್ಣು ಉದ್ದವನ್ನು ಅಳೆಯುತ್ತದೆ, ಆದ್ದರಿಂದ ಅದು ಸೊನ್ನೆಯಿಂದಲೇ ಏಳಬೇಕು. ರೇಖಾಚಿತ್ರದಲ್ಲಿ ನೋಡುವುದು ಏರಿಳಿತವನ್ನು, ಅಲ್ಲಿ ಅಕ್ಷ ಬೇರೆಡೆಯಿಂದ ಶುರುವಾದರೆ ದೋಷವಲ್ಲ.

## ಪೈ ಚಾರ್ಟ್ ಎರಡು ಕೊಟ್ಟಿದ್ದರೆ?

ಪ್ರತಿಯೊಂದರ ಒಟ್ಟು ಮೊತ್ತ ಎಷ್ಟೆಂದು ಕೊಟ್ಟಿದ್ದಾರೆಯೇ ನೋಡಿ. ಕೊಟ್ಟಿಲ್ಲದಿದ್ದರೆ ಪಾಲುಗಳನ್ನಷ್ಟೇ ಹೋಲಿಸಬಹುದು, ಸಂಖ್ಯೆಗಳನ್ನಲ್ಲ. ಶೇ. 30ರ ಹೋಳು ಶೇ. 20ರ ಹೋಳಿಗಿಂತ ಕಡಿಮೆ ಜನರನ್ನು ಸೂಚಿಸುತ್ತಿರಬಹುದು.

## ನಾನು ಬೋಧಕಿ. ಇಂಥ ದತ್ತಾಂಶ ಕಟ್ಟುವುದು ಹೇಗೆ?

ವಿದ್ಯಾರ್ಥಿ ಯಾವ ತಪ್ಪು ದಾರಿ ಹಿಡಿಯಬಹುದು ಎಂಬಲ್ಲಿಂದ ಶುರು ಮಾಡಿ. ತಪ್ಪು ದಾರಿ ಹಿಡಿದವರಿಗೂ ಸರಿದಾರಿಯವರಿಗೂ ಬೇರೆ ಬೇರೆ ಉತ್ತರ ಬರಬೇಕು, ಇಲ್ಲದಿದ್ದರೆ ಪ್ರಶ್ನೆ ಏನನ್ನೂ ಅಳೆಯುವುದಿಲ್ಲ. ಮೇಲಿನ ಮೊದಲ ಕೋಷ್ಟಕದಲ್ಲಿ ಎಲ್ಲ ವರ್ಗಗಳೂ ಒಂದೇ ಅಗಲದವಾಗಿದ್ದರೆ ಆವೃತ್ತಿ ನೋಡಿದವರಿಗೂ ಸಾಂದ್ರತೆ ನೋಡಿದವರಿಗೂ ಒಂದೇ ವರ್ಗ ಸಿಗುತ್ತಿತ್ತು, ತಿಳಿದು ಬರೆದವರನ್ನು ಗುರುತಿಸಲು ಆಗುತ್ತಿರಲಿಲ್ಲ.

ಕ್ರಮ ತಿರುಗಿಬೀಳುವ ಕೋಷ್ಟಕ ಬೇಕಿದ್ದರೆ ಮೊದಲು ಒಳಗಿನ ನಾಲ್ಕು ಶೇಕಡಾವಾರುಗಳನ್ನು ಇಟ್ಟುಕೊಳ್ಳಿ: 5, 10, 30, 45. ಆಮೇಲೆ ಮಿಶ್ರಣವನ್ನು ವಾಲಿಸಿ, ಕಷ್ಟದ ಗುಂಪಿನ ಹೆಚ್ಚಿನವರನ್ನು ಉತ್ತಮ ಕೌಂಟರ್‌ಗೆ ಕಳುಹಿಸಿ. 80 ಮತ್ತು 20ರ ವಿಂಗಡಣೆಯಲ್ಲಿ ಒಟ್ಟು ಸಾಲು 25ಕ್ಕೆ ಎದುರಾಗಿ 17 ಬಂತು. 60 ಮತ್ತು 40 ಮಾಡಿದ್ದರೆ 1ನೇ ಕೌಂಟರ್‌ಗೆ ಶೇ. 20, 2ನೆಯದಕ್ಕೆ ಶೇ. 24 ಬಂದು ಕ್ರಮ ತಿರುಗುತ್ತಲೇ ಇರಲಿಲ್ಲ. ವಾಲಿಸುವ ಪ್ರಮಾಣವನ್ನು ಹೀಗೆ ಮೊದಲೇ ಲೆಕ್ಕ ಹಾಕಿ ನೋಡಿಕೊಳ್ಳಬೇಕು.

ಜನರ ಎಣಿಕೆ ಪೂರ್ಣಾಂಕವಾಗಿರಲಿ, ಒಂದು ಕೋಷ್ಟಕದ ಮೊತ್ತ ಇನ್ನೊಂದಕ್ಕೆ ಹೊಂದಲಿ. ಇಲ್ಲಿ ಹಿಸ್ಟೋಗ್ರಾಮ್‌ನ 42, ಎರಡು ದಿಕ್ಕಿನ ಕೋಷ್ಟಕದ 9 + 33, ಕೌಂಟರ್‌ಗಳ 25 + 17 ಎಲ್ಲವೂ ಒಂದೇ ಜನ. ಹೊಂದಿಕೆಯಿದ್ದರೆ ವಿದ್ಯಾರ್ಥಿ ಒಂದು ಕೋಷ್ಟಕದ ಉತ್ತರವನ್ನು ಇನ್ನೊಂದರಲ್ಲಿ ತಾಳೆ ನೋಡಬಹುದು, ಮತ್ತು "ಹಿಂದಿನ ಕೋಷ್ಟಕದ 42 ಜನರಲ್ಲಿ 1ನೇ ಕೌಂಟರ್‌ನವರ ಪಾಲೆಷ್ಟು?" ಎಂಬಂಥ ಪ್ರಶ್ನೆಯನ್ನು ನೀವು ಕೇಳಬಹುದು. ಅದಕ್ಕೆ ಉತ್ತರ 25/42, ಶೇ. 59.5.